ತಿಂಡಿಗಳ ಫೋಟೊ ಹಾಕಿದರೆ ಸಾಕು, ಹೋಟೆಲಿನ ಮೆನು ಚಿತ್ರ ರೆಡಿಯಾಗುತ್ತದೆಯೇ?

‘ತಿಂಡಿಗಳ ಫೋಟೊ ಹಾಕಿ, ಜಲವರ್ಣದ ಚಿತ್ರ ಮಾಡು ಎಂದು ಒಂದು ಸಾಲು ಬರೆಯಿರಿ, ಮೆನು ರೆಡಿ’ ಎನ್ನುವ ಸಂದೇಶಗಳು ಎಐ ಚಿತ್ರ ತಂತ್ರಾಂಶಗಳ ಬಗ್ಗೆ ಹರಿದಾಡುತ್ತಿರುತ್ತವೆ. ಒಂದು ಚಿತ್ರದ ಮಟ್ಟಿಗೆ ಇದು ನಿಜ. ಆದರೆ ಹತ್ತು ಹನ್ನೆರಡು ಚಿತ್ರಗಳು ಒಬ್ಬರೇ ಬಿಡಿಸಿದಂತೆ ಕಾಣಬೇಕು, ಜೊತೆಗೆ ತಟ್ಟೆಯಲ್ಲಿ ಬರುವ ತಿಂಡಿಯನ್ನೇ ತೋರಿಸಬೇಕು ಎಂದಾದರೆ ಅದು ಅರ್ಧಸತ್ಯ.

ಮಂಗಳೂರಿನ ನಂತೂರು ವೃತ್ತದ ಆಸುಪಾಸಿನಲ್ಲಿ ಒಂದು ಸಣ್ಣ ಹೋಟೆಲ್ ಇದೆ ಎಂದುಕೊಳ್ಳೋಣ. ಮೆನುವಿನಲ್ಲಿ ನೀರ್ ದೋಸೆ, ಬನ್ಸ್, ಗೋಳಿಬಜೆ, ಕೋರಿ ರೊಟ್ಟಿ ಸೇರಿ ಹನ್ನೆರಡು ಐಟಂ. ಇದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಚಿತ್ರಗಳು ಯಾಕೆ ಹೊಂದಿಕೆಯಾಗುವುದಿಲ್ಲ?

ಸ್ಟೇಬಲ್ ಡಿಫ್ಯೂಷನ್‌ನಂಥ ತಂತ್ರಾಂಶವು ನಾವು ಕೊಟ್ಟ ಫೋಟೊದ ಮೇಲೆ ಮೊದಲು ಟಿವಿಯ ಚುಕ್ಕಿ ಚುಕ್ಕಿಯಂಥ ಗದ್ದಲವನ್ನು ಸೇರಿಸುತ್ತದೆ. ಆಮೇಲೆ ನಾವು ಬರೆದ ಸಾಲಿಗೆ ತಕ್ಕಂತೆ ಆ ಗದ್ದಲವನ್ನು ಹಂತ ಹಂತವಾಗಿ ತೆಗೆಯುತ್ತಾ ಹೊಸ ಚಿತ್ರ ರೂಪಿಸುತ್ತದೆ. ಗದ್ದಲ ಪ್ರತಿ ಸಲವೂ ಬೇರೆಯಾಗಿರುತ್ತದೆ. ‘ಜಲವರ್ಣ’ ಎಂಬ ಪದಕ್ಕೂ ಸಾವಿರ ಬಗೆಗಳಿವೆ. ಹಾಗಾಗಿ ಒಂದು ಚಿತ್ರದಲ್ಲಿ ದಪ್ಪ ಗೆರೆ, ಇನ್ನೊಂದರಲ್ಲಿ ಗೆರೆಯೇ ಇಲ್ಲ.

ಇದಕ್ಕೆ ಪರಿಹಾರ, ಬದಲಾಗಬಾರದ್ದನ್ನೆಲ್ಲ ಮೊದಲೇ ಕಟ್ಟಿಹಾಕುವುದು. ಫೋಟೊಗಳನ್ನು ಒಂದೇ ದಿನ, ಒಂದೇ ಕಿಟಕಿಯ ಬೆಳಕಿನಲ್ಲಿ, ಒಂದೇ ಬಗೆಯ ತಟ್ಟೆಯಲ್ಲಿ, ನೇರ ಮೇಲಿನಿಂದ ತೆಗೆಯಬೇಕು. ತಟ್ಟೆ ಪ್ರತಿ ಫೋಟೊದಲ್ಲೂ ಅಷ್ಟೇ ದೊಡ್ಡದಾಗಿ ಕಾಣಬೇಕು, ಎಲ್ಲವನ್ನೂ ಒಂದೇ ಅಳತೆಯ ಚೌಕಕ್ಕೆ ಕತ್ತರಿಸಬೇಕು. ಇಲ್ಲವಾದರೆ ಆಮೇಲೆ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವಾಗ ಗೆರೆಯೂ ದಪ್ಪ ತೆಳುವಾಗುತ್ತದೆ. ಶೈಲಿಯ ಸಾಲನ್ನು ಒಂದಕ್ಷರವೂ ಬದಲಿಸದೆ ಎಲ್ಲದಕ್ಕೂ ಬಳಸಬೇಕು. ಉದಾಹರಣೆಗೆ:

```
flat watercolor illustration, thin dark brown outline,
plain cream background, top view, steel plate
```

ಗದ್ದಲವನ್ನು ನಿರ್ಧರಿಸುವ ಸಂಖ್ಯೆಗೆ Seed ಎಂದು ಹೆಸರು. ಅದನ್ನೂ ಒಂದೇ ಇಡಬೇಕು. ಈ ಸೌಲಭ್ಯ ಕಾಣದ ಆ್ಯಪ್‌ಗಳಲ್ಲಿ, ಚೆನ್ನಾಗಿ ಬಂದ ಮೊದಲ ಚಿತ್ರವನ್ನೇ ಮಾದರಿಯಾಗಿ ಪ್ರತಿ ಫೋಟೊದ ಜೊತೆಗೂ ಕೊಡಬಹುದು.

ನೀರ್ ದೋಸೆ ಕಂದು ಬಣ್ಣಕ್ಕೆ ತಿರುಗಿದರೆ?

ಶೈಲಿ ಸರಿಹೋದರೂ ತಿಂಡಿ ಕೆಡಬಹುದು. ತಂತ್ರಾಂಶ ಕಲಿತ ಚಿತ್ರಗಳಲ್ಲಿ ಸಾಮಾನ್ಯವಾಗಿ ಹೆಚ್ಚಿರುವುದು ಕೆಂಪಗೆ ಕಾದ ಮಸಾಲೆ ದೋಸೆಯಂಥವು. ನೀರ್ ದೋಸೆಯೋ ಬಿಳಿ, ಮೆತ್ತಗೆ, ಸಣ್ಣ ತೂತುಗಳ ಜಾಲ. dosa ಎಂದು ಬರೆದೊಡನೆ ತಂತ್ರಾಂಶ ಅದನ್ನು ಕಂದಾಗಿಸಬಹುದು. ಬನ್ಸ್‌ಗೆ buns ಎಂದು ಬರೆದರೆ ಬಾಳೆಹಣ್ಣಿನ ಪೂರಿಯಂಥ ನಮ್ಮ ಬನ್ಸ್ ಬದಲು ಬರ್ಗರ್‌ನ ಬ್ರೆಡ್ ಬರಬಹುದು. ಕೋರಿ ರೊಟ್ಟಿಯ ಗರಿಗರಿ ಅಕ್ಕಿ ಹಾಳೆ ಚಪಾತಿಯಾಗಬಹುದು.

ಇಲ್ಲಿ ಎರಡು ಉಪಾಯಗಳಿವೆ. ಒಂದು, ಹೆಸರಿನ ಬದಲು ರೂಪ ಬರೆಯುವುದು: ನೀರ್ ದೋಸೆಗೆ soft white lacy rice crepe, folded. ಎರಡನೆಯದು Denoising strength. ಇದು ಮೂಲ ಫೋಟೊವನ್ನು ಎಷ್ಟು ಬದಲಿಸಬಹುದು ಎಂಬ ಅಳತೆ, 0ರಿಂದ 1ರವರೆಗೆ. 0.2 ಇಟ್ಟರೆ ಫೋಟೊ ಫೋಟೊವಾಗಿಯೇ ಉಳಿಯುತ್ತದೆ. 0.8 ಇಟ್ಟರೆ ಚಿತ್ರ ಅಂದವಾಗಿರಬಹುದು, ಆದರೆ ತಿಂಡಿ ಬೇರೆಯಾಗಿರುತ್ತದೆ. 0.5ರ ಸುತ್ತ ಶುರುಮಾಡಿ, ನೀರ್ ದೋಸೆಯ ಬಿಳುಪು ಹೋಗುವ ಅಂಕಿಯಿಂದ ಸ್ವಲ್ಪ ಕೆಳಗೆ ನಿಲ್ಲಿಸಿ, ಅದೇ ಅಂಕಿಯನ್ನು ಉಳಿದ ಹನ್ನೊಂದಕ್ಕೂ ಬಳಸುವುದು ಒಳ್ಳೆಯದು. ಎಲ್ಲಕ್ಕಿಂತ ಬೇಗ ಕೆಡುವ ತಿಂಡಿ ತಡೆದುಕೊಂಡರೆ ಉಳಿದವೂ ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ.

ಹೆಸರು, ಬೆಲೆಗಳನ್ನು ಮಾತ್ರ ತಂತ್ರಾಂಶದ ಕೈಯಲ್ಲಿ ಬರೆಸಬೇಡಿ. ಕನ್ನಡದ ಒತ್ತಕ್ಷರಗಳನ್ನು ಅದು ಅನೇಕ ಸಲ ಅಕ್ಷರವೇ ಅಲ್ಲದ ಗೀಚಾಗಿ ಬಿಡಿಸುತ್ತದೆ. ಸಸ್ಯಾಹಾರ, ಮಾಂಸಾಹಾರದ ಗುರುತನ್ನೂ ಆಮೇಲೆ ನಾವೇ ಸೇರಿಸಬೇಕು.

ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಹನ್ನೆರಡೂ ಚಿತ್ರಗಳನ್ನು ಚಿಕ್ಕದಾಗಿಸಿ ಒಂದೇ ಪರದೆಯಲ್ಲಿ ಜೋಡಿಸಿ ನೋಡಿ. ಗೆರೆ, ಹಿನ್ನೆಲೆ ಅಥವಾ ಬಣ್ಣ ಬೇರೆಯಾದ ಚಿತ್ರ ಆಗ ತಾನಾಗಿ ಕಣ್ಣಿಗೆ ಬೀಳುತ್ತದೆ. ಆಮೇಲೆ ಹೆಸರು ಹೇಳದೆ ಅಡುಗೆಯವರಿಗೆ ತೋರಿಸಿ. ಅವರು ತಿಂಡಿಯನ್ನು ಗುರುತಿಸಬೇಕು. ಜೊತೆಗೆ ‘ನಾವು ಹಾಕದ್ದು ಇದರಲ್ಲಿ ಏನಾದರೂ ಇದೆಯೇ?’ ಎಂದೂ ಕೇಳಿ. ಗೋಳಿಬಜೆ ನಾಲ್ಕು ಕೊಡುವಲ್ಲಿ ಚಿತ್ರದಲ್ಲಿ ಏಳು ಬಂದಿರಬಹುದು, ಬರೀ ಸಾರಿನಲ್ಲಿ ಮೀನಿನ ತುಂಡಿನಂಥದ್ದು ತೇಲುತ್ತಿರಬಹುದು. ಗಿರಾಕಿ ಚಿತ್ರ ನೋಡಿಯೇ ಆರ್ಡರ್ ಕೊಡುವುದರಿಂದ, ಇಂಥ ಚಿತ್ರ ಎಷ್ಟೇ ಚೆಂದವಿದ್ದರೂ ಅದು ತಪ್ಪು ಮಾಹಿತಿಯೇ.

ಹಾಗಾಗಿ ‘ಒಂದೇ ಸಾಲಿನಲ್ಲಿ ಮೆನು ರೆಡಿ’ ಎಂಬುದನ್ನು ಫಾರ್ವರ್ಡ್ ಮಾಡುವ ಮೊದಲು ಇಷ್ಟು ಸೇರಿಸಿ: ಸಾಲು ಒಂದೇ ಸಾಕು, ಆದರೆ ಫೋಟೊ, ಅಳತೆ, ಅಂಕಿಗಳೂ ಒಂದೇ ಇರಬೇಕು, ಕೊನೆಗೆ ಅಡುಗೆಯವರು ಒಪ್ಪಬೇಕು.