‘ಸೂಪರ್’ ಚಳಿಯೂ ‘ಚಳಿ ಅಂದ್ರೆ ಚಳಿ’ಯೂ

ಹಾಸನದ ಒಂದು ಮನೆ. ಸಂಜೆಯ ಹೊತ್ತು. ಅಮೆರಿಕದ ಮಿನೆಸೋಟಾದಲ್ಲಿರುವ ಮೊಮ್ಮಗನಿಂದ ಅಜ್ಜಿಗೆ ಮೂರು ಸಾಲಿನ ಸಂದೇಶ ಬಂದಿದೆ. ಹುಡುಗನಿಗೆ ಕನ್ನಡ ಮಾತು ಅಷ್ಟಿಷ್ಟು ಬರುತ್ತದೆ, ಬರೆಯಲು ಬರುವುದಿಲ್ಲ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಆದ್ದರಿಂದ ಓದಿ ಹೇಳುವ ಕೆಲಸ ಒಂಬತ್ತನೆಯ ತರಗತಿಯ ಮೊಮ್ಮಗಳದು.

ಅವನು ಬರೆದದ್ದು ಹೀಗಿತ್ತು: ‘ಇಟ್ ಈಸ್ ಸೂಪರ್ ಕೋಲ್ಡ್ ಹಿಯರ್. ದ ಲೇಕ್ ಈಸ್ ಟೋಟಲಿ ಫ್ರೋಜನ್. ಐ ಮಿಸ್ ಯೂ ಸೋ ಮಚ್, ಅಜ್ಜಿ.’

ಹುಡುಗಿ ಓದಿದಳು: “ಇಲ್ಲಿ ತುಂಬಾ ಚಳಿ ಇದೆ. ಕೆರೆ ಸಂಪೂರ್ಣವಾಗಿ ಹೆಪ್ಪುಗಟ್ಟಿದೆ. ನಿನ್ನನ್ನು ತುಂಬಾ ನೆನಪಿಸಿಕೊಳ್ಳುತ್ತೇನೆ, ಅಜ್ಜಿ.”

ಅಜ್ಜಿಗೆ ಸಮಾಧಾನವಾಗಲಿಲ್ಲ. “ಇದೇನೇ, ಆಫೀಸಿನ ಕಾಗದ ಓದಿದ ಹಾಗೆ ಓದ್ತೀಯಾ? ಮಗು ಇಷ್ಟೇನಾ ಬರೆದಿರೋದು?” ಎಂದರು.

ಹುಡುಗಿ ತಪ್ಪು ಮಾಡಿರಲಿಲ್ಲ. ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ ಸಿಗುತ್ತಿತ್ತು. ಆದರೂ ಮೊಮ್ಮಗನ ಮನಸ್ಸು ಹಾಸನದವರೆಗೆ ತಲುಪಲಿಲ್ಲ. ಅದು ದಾರಿಯಲ್ಲಿ ಎಲ್ಲಿ ಕಳೆದುಹೋಯಿತು?

ಮೊದಲು ಇಂಗ್ಲಿಷಿನ ಮೂರು ಪದಗಳನ್ನು ನೋಡೋಣ. ‘ಸೂಪರ್’ ಲ್ಯಾಟಿನ್ ಮೂಲದ್ದು, ‘ಮೇಲೆ’ ಎಂದು ಅರ್ಥ. ಇದು ಉಷ್ಣಮಾಪಕದ ಪಾದರಸದಂತೆ ಏರಿಳಿಯುವ ಗುಣಗಳಿಗೆ ಹೊಂದುತ್ತದೆ. ಚಳಿ ಸ್ವಲ್ಪ ಇರಬಹುದು, ಜಾಸ್ತಿ ಇರಬಹುದು. ಜಾಸ್ತಿಗಿಂತ ಮೇಲೆ ಹೋದರೆ ಸೂಪರ್ ಕೋಲ್ಡ್. ‘ಟೋಟಲಿ’ ಹಾಗಲ್ಲ. ಅದು ವಿದ್ಯುತ್ ಸ್ವಿಚ್ಚಿನಂಥ ಗುಣಗಳಿಗೆ, ಅಂದರೆ ಒಂದು ತುದಿ ಇರುವ ಗುಣಗಳಿಗೆ ಹೊಂದುವ ಮಾತು: ಖಾಲಿ, ಅಸಾಧ್ಯ, ಬೇರೆ, ಹೆಪ್ಪುಗಟ್ಟಿದ್ದು. ‘ಟೋಟಲಿ ಇಂಪಾಸಿಬಲ್’ ಎಂದರೆ ಸರಿ; ‘ವೆರಿ ಇಂಪಾಸಿಬಲ್’ ಎಂದು ಬರೆದರೆ ಮೇಷ್ಟರು ಕೆಂಪು ಗೆರೆ ಎಳೆಯುತ್ತಾರೆ. ‘ಸೋ’ ಮೂರನೆಯ ಜಾತಿ. ‘ಅಷ್ಟು’ ಎಂಬುದು ಅದರ ಮೂಲ ಅರ್ಥ. ಎಷ್ಟು ಎಂದು ಹೇಳಲು ಅದರ ಹಿಂದೆ ‘ದಟ್’ ಎಂದು ಇನ್ನೊಂದು ವಾಕ್ಯ ಬರಬೇಕು. ‘ಸೋ ಮಚ್’ ಎಂದು ಅಲ್ಲಿಗೇ ನಿಲ್ಲಿಸಿದಾಗ ಉಳಿದದ್ದನ್ನು ಕೇಳುವವರು ಊಹಿಸಿಕೊಳ್ಳಬೇಕು. ಅದರ ಬಲ ಇರುವುದೇ ಆ ಅರ್ಧಕ್ಕೆ ನಿಂತ ಮಾತಿನಲ್ಲಿ.

ಹೀಗೆ ಮೂರು ಪದಕ್ಕೆ ಮೂರು ಕೆಲಸ. ಹುಡುಗಿ ಅವುಗಳಲ್ಲಿ ಎರಡಕ್ಕೆ ‘ತುಂಬಾ’ ಎಂಬ ಒಂದೇ ಪದವನ್ನು, ಇನ್ನೊಂದಕ್ಕೆ ಪಠ್ಯಪುಸ್ತಕದ ‘ಸಂಪೂರ್ಣವಾಗಿ’ಯನ್ನು ಹಾಕಿದಳು. ‘ತುಂಬಾ’ ಒಳ್ಳೆಯ ಪದವೇ. ಕೊಡ ತುಂಬು, ಹೊಟ್ಟೆ ತುಂಬು ಎನ್ನುವ ‘ತುಂಬು’ವಿನಿಂದ ಬಂದದ್ದು. ಆದರೆ ಬಳಸಿ ಬಳಸಿ ಸವೆದಿದೆ. ಇಂಥ ಪದಗಳ ಹಣೆಬರಹವೇ ಸವೆಯುವುದು. ಇಂಗ್ಲಿಷಿನ ‘ವೆರಿ’ ಎಂದರೆ ಮೊದಲು ‘ನಿಜವಾದ’ ಎಂದು ಅರ್ಥವಿತ್ತು. ಈಗ ಅದು ಬರೀ ಒತ್ತು. ‘ಟೆರಿಬ್ಲಿ’ ಎನ್ನುವಾಗ ಯಾರೂ ಭಯಪಡುವುದಿಲ್ಲ. ನಮ್ಮಲ್ಲೂ ‘ಭಯಂಕರ ಚೆನ್ನಾಗಿದೆ’ ಎನ್ನುವವರಿಗೆ ಯಾವ ಭಯವೂ ಇಲ್ಲ. ‘ಸಖತ್’ ಎಂದರೆ ಮೂಲದಲ್ಲಿ ಗಟ್ಟಿ, ಕಠಿಣ. ಈಗ ಮೆತ್ತಗಿನ ಇಡ್ಲಿಯೂ ಸಖತ್. ಒಂದು ಪದ ಸವೆದಾಗ ಜನ ಇನ್ನೊಂದನ್ನು ಹುಡುಕುತ್ತಾರೆ. ಕನ್ನಡದ ಹುಡುಗರ ಬಾಯಲ್ಲಿ ‘ಸೂಪರ್’ ನೆಲೆಸಿದ್ದೂ ಹೀಗೆಯೇ. 2010ರಲ್ಲಿ ತೆರೆಕಂಡ ಉಪೇಂದ್ರ ಅವರ ಚಿತ್ರವೊಂದಕ್ಕೆ ಅಕ್ಷರದ ಹೆಸರಿರಲಿಲ್ಲ, ಕೈಸನ್ನೆ ಮಾತ್ರ ಇತ್ತು. ಜನ ಅದನ್ನು ‘ಸೂಪರ್’ ಎಂದೇ ಓದಿದರು.

ಇರಲಿ, ಅಜ್ಜಿಯ ಕಡೆಗೆ ಬರೋಣ. ಹುಡುಗಿ ಕೇಳಿದಳು: “ಹಾಗಾದ್ರೆ ನೀನಾಗಿದ್ರೆ ಹೇಗೆ ಹೇಳ್ತಿದ್ದೆ?” ಅಜ್ಜಿ ಯೋಚಿಸಲೂ ಇಲ್ಲ. “ಅಜ್ಜೀ, ಇಲ್ಲಿ ಚಳಿ ಅಂದ್ರೆ ಚಳಿ! ಕೆರೆಗೆ ಕೆರೆಯೇ ಹೆಪ್ಪುಗಟ್ಟಿಬಿಟ್ಟಿದೆ. ನಿನ್ನ ನೆನಪು ಆಗ್ತಾನೇ ಇರುತ್ತೆ.”

ಈ ಮೂರು ವಾಕ್ಯಗಳಲ್ಲಿ ‘ಬಹಳ’, ‘ತುಂಬಾ’, ‘ವಿಪರೀತ’ ಯಾವುದೂ ಇಲ್ಲ. ಆದರೂ ಒಂದೊಂದರಲ್ಲೂ ಬೇಕಾದಷ್ಟು ಒತ್ತು ಇದೆ. ಹೇಗೆ?

‘ಚಳಿ ಅಂದ್ರೆ ಚಳಿ’ ಎಂಬಲ್ಲಿ ಚಳಿಗೆ ಚಳಿಯನ್ನೇ ಅಳತೆಗೋಲು ಮಾಡಲಾಗಿದೆ. ಇದಕ್ಕೆ ಹೋಲಿಸಲು ಬೇರೇನೂ ಇಲ್ಲ, ಚಳಿ ಎಂಬ ಹೆಸರು ಸಲ್ಲಬೇಕಾದದ್ದು ಇದಕ್ಕೇ ಎಂಬ ಧ್ವನಿ. ಸವೆಯಲು ಇಲ್ಲಿ ಒತ್ತಿನ ಪದವೇ ಇಲ್ಲ. ಮಳೆ ಅಂದ್ರೆ ಮಳೆ, ಜನ ಅಂದ್ರೆ ಜನ ಎಂದು ಬೇಕಾದ ಪದವನ್ನು ಇದರಲ್ಲಿ ಕೂರಿಸಬಹುದು.

‘ಕೆರೆಗೆ ಕೆರೆಯೇ’ ಎಂಬುದು ‘ಟೋಟಲಿ’ಯ ಕೆಲಸ ಮಾಡುತ್ತದೆ. ಮೊದಲ ಪದಕ್ಕೆ ‘ಗೆ’, ಎರಡನೆಯದಕ್ಕೆ ‘ಏ’ ಸೇರಿದರೆ ‘ಒಂದಿಷ್ಟೂ ಬಿಡದೆ’ ಎಂಬ ಅರ್ಥ ಹುಟ್ಟುತ್ತದೆ: ಊರಿಗೆ ಊರೇ ಜಾತ್ರೆಗೆ ಹೋಯಿತು, ಮನೆಗೆ ಮನೆಯೇ ಮಲಗಿದೆ. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲೊಂದು ಆಕ್ಷೇಪ ಎತ್ತಬಹುದು. ನೀರಿನ ಸಾಂದ್ರತೆ ಅತಿ ಹೆಚ್ಚು ಇರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೇ ಉಳಿದು ಮೊದಲು ಹೆಪ್ಪುಗಟ್ಟುತ್ತದೆ. ಆ ಮಂಜುಗಡ್ಡೆಯ ಪದರದ ಕೆಳಗೆ ನೀರು ನೀರಾಗಿಯೇ ಇದ್ದು ಮೀನುಗಳು ಬದುಕುತ್ತವೆ. ಆದ್ದರಿಂದ ಹುಡುಗನ ‘ಟೋಟಲಿ’ ನಿಜವಾಗುವುದು ಕೆರೆಯ ಮೇಲ್ಮೈಗೆ ಮಾತ್ರ. ಅಜ್ಜಿಯ ‘ಕೆರೆಗೆ ಕೆರೆಯೇ’ ಸಹ ಅಷ್ಟೇ: ದಡದಿಂದ ದಡಕ್ಕೆ ಕಣ್ಣಿಗೆ ಕಂಡದ್ದು. ಒತ್ತಿನ ಮಾತನ್ನು ಯಾವ ಭಾಷೆಯಲ್ಲೂ ಅಳತೆಯ ಪಟ್ಟಿಯಾಗಿ ಓದಬಾರದು.

ಮೂರನೆಯದು ಅತ್ಯಂತ ಸೂಕ್ಷ್ಮ. ‘ಮಿಸ್ ಯೂ’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಕ್ರಿಯಾಪದವಿಲ್ಲ. ‘ನೆನಪಿಸಿಕೊಳ್ಳುತ್ತೇನೆ’ ಎಂದರೆ ಬೇಕೆಂದು ಮಾಡುವ ಕೆಲಸ. ಸೂತ್ರವನ್ನು ನೆನಪಿಸಿಕೊಳ್ಳುವ ಹಾಗೆ. ‘ನೆನಪಾಗುತ್ತೆ’ ಎಂದರೆ ತಾನಾಗಿ ಬರುವುದು. ಅದಕ್ಕೆ ‘ಆಗ್ತಾ ಇರುತ್ತೆ’ ಎಂದು ಸೇರಿದರೆ ಮತ್ತೆ ಮತ್ತೆ ಬರುವುದು. ನಡುವೆ ‘ಏ’ ಸೇರಿ ‘ಆಗ್ತಾನೇ ಇರುತ್ತೆ’ ಆದರೆ ಅದು ಬಿಡುವುದೇ ಇಲ್ಲ. ‘ಸೋ ಮಚ್’ ಎಂಬ ಪ್ರಮಾಣ ಇಲ್ಲಿ ಕಾಲವಾಗಿ ಮಾರ್ಪಟ್ಟಿದೆ: ಎಷ್ಟು ನೆನಪು ಎಂದರೆ, ನಿಲ್ಲದಷ್ಟು.

ಈ ‘ಏ’ ಚಿಕ್ಕದಾದರೂ ಕನ್ನಡದ ಒತ್ತಿನಲ್ಲಿ ಅದಕ್ಕೆ ದೊಡ್ಡ ಪಾಲು. ವ್ಯಾಕರಣದಲ್ಲಿ ಇದನ್ನು ಅವಧಾರಣೆ ಎನ್ನುತ್ತಾರೆ. ‘ಗೊತ್ತಿಲ್ಲ’ ಎಂಬುದು ಉತ್ತರ. ‘ಗೊತ್ತೇ ಇಲ್ಲ’ ಎಂಬುದು ಪೂರ್ತಿ ಕೈ ಆಡಿಸಿದಂತೆ. ‘ಬರಲಿಲ್ಲ’ ಎಂಬುದು ಸುದ್ದಿ; ‘ಬರಲೇ ಇಲ್ಲ’ ಎಂಬುದರಲ್ಲಿ ಕಾದವರ ನೋವಿದೆ. ಮಾತಿನಲ್ಲಾದರೆ ಸ್ವರವನ್ನು ಎಳೆಯುವುದೂ ಉಂಟು: ‘ಉದ್ದಾ…’, ‘ದೊಡ್ಡಾ…’. ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಪದವೇ ಬದಲಾಗಬಹುದು; ಬಳೆ ಬೇರೆ, ಬಾಳೆ ಬೇರೆ. ಅದಕ್ಕೇ ಇರಬೇಕು, ಈ ಎಳೆತ ಸಾಮಾನ್ಯವಾಗಿ ಪದದ ಕೊನೆಯಲ್ಲಿ, ಅರ್ಥ ಕೆಡದ ಜಾಗದಲ್ಲಿ ಬರುತ್ತದೆ. ಬರವಣಿಗೆಯಲ್ಲಿ ಎಳೆತ ಉಳಿಯುವುದು ಕಷ್ಟ, ‘ಏ’ ಉಳಿಯುತ್ತದೆ.

ಹಾಗಾದರೆ ಯಾವ ಪದವನ್ನಾದರೂ ಎರಡು ಸಲ ಹೇಳಿದರೆ ಒತ್ತು ಬಂದುಬಿಡುತ್ತದೆಯೆ? ಇಲ್ಲ. ಶಾಲೆಯಲ್ಲಿ ದ್ವಿರುಕ್ತಿಯ ಪಾಠ ಓದಿದವರೂ ಎಡವುವುದು ಇಲ್ಲೇ. ‘ದೊಡ್ಡ ದೊಡ್ಡ ಮರ’ ಎಂದರೆ ಬಹಳ ದೊಡ್ಡದಾದ ಒಂದು ಮರವಲ್ಲ, ದೊಡ್ಡದಾದ ಹಲವು ಮರಗಳು. ‘ಎರಡೆರಡು ಬಾಳೆಹಣ್ಣು’ ಎಂದರೆ ತಲೆಗೆ ಎರಡು. ಸಾರು ‘ಹುಳಿಹುಳಿ’ಯಾಗಿದೆ ಎಂದರೆ ಸ್ವಲ್ಪ ಹುಳಿಯ ರುಚಿ ಎಂದೂ ಆಗಬಹುದು. ‘ಬಿಸಿಬಿಸಿ ಕಾಫಿ’ ಬಾಯಿ ಸುಡುವ ಕಾಫಿಯಲ್ಲ, ಆಗ ತಾನೇ ಇಳಿಸಿದ ಹಿತವಾದ ಕಾಫಿ. ಪದ ಯಾವುದು, ಅದರ ಮುಂದೆ ಇರುವುದು ಒಂದೋ ಹಲವೋ ಎಂದು ನೋಡಿಯೇ ಅರ್ಥ ಹೇಳಬೇಕು.

ತುದಿ, ನಡು, ಕಡೆ ಮುಂತಾದ ಕೆಲವೇ ಪದಗಳು ದ್ವಿರುಕ್ತಿಯಲ್ಲಿ ರೂಪವನ್ನೂ ಬದಲಿಸುತ್ತವೆ: ತುತ್ತತುದಿ, ನಟ್ಟನಡು, ಕಟ್ಟಕಡೆ, ಮೊಟ್ಟಮೊದಲು, ಬಟ್ಟಬಯಲು. ಹೊಸ ಪದಗಳನ್ನು ಈ ಅಚ್ಚಿನಲ್ಲಿ ಎರಕ ಹೊಯ್ಯಲಾಗದು. ಇವುಗಳಲ್ಲಿ ಹೆಚ್ಚಿನವು ಜಾಗದ ಅಥವಾ ಸಾಲಿನ ಒಂದು ನಿರ್ದಿಷ್ಟ ಬಿಂದುವನ್ನು ಹೇಳುತ್ತವೆ. ಕಟ್ಟಕಡೆಗೆ ಇಂಗ್ಲಿಷಿನಲ್ಲಿ ‘ದ ವೆರಿ ಎಂಡ್’, ಮೊಟ್ಟಮೊದಲಿಗೆ ‘ದ ವೆರಿ ಫಸ್ಟ್’. ಸವೆದುಹೋದ ‘ವೆರಿ’ಯ ಹಳೆಯ ಅರ್ಥ, ಅಂದರೆ ‘ನಿಜವಾದ, ಅದೇ’ ಎಂಬುದು, ಇಲ್ಲಿ ಇನ್ನೂ ಉಸಿರಾಡುತ್ತಿದೆ.

ಇನ್ನು ಮರುಪ್ರಯಾಣ. ಅಜ್ಜಿ ಉತ್ತರ ಹೇಳಿದರು: “ಬಿಸಿಬಿಸಿ ಸಾರು ಕುಡಿ. ಆ ಮಂಜಿನ ಕೆರೆ ಮೇಲೆ ಹೋಗಲೇ ಬೇಡ. ರಜಾ ಬರುತ್ತಲೇ ಬಂದುಬಿಡು ಮಗು.”

ಹುಡುಗಿ ಮೊದಲು ‘ಹಾಟ್ ಹಾಟ್ ಸೂಪ್’ ಎಂದು ಬರೆದಳು. ನಮ್ಮ ಕಡೆಯ ಇಂಗ್ಲಿಷಿನಲ್ಲಿ ಇದು ನಡೆದೀತು, ಪರೀಕ್ಷೆಯಲ್ಲಿ ನಡೆಯದು. ಅದನ್ನು ಹೊಡೆದು ‘ಟೂ ಹಾಟ್ ಸೂಪ್’ ಎಂದು ತಿದ್ದಿದಳು. ಇದು ಇನ್ನೂ ಕೆಟ್ಟಿತು. ‘ಟೂ’ ಎಂದರೆ ಹೆಚ್ಚು ಎಂದಷ್ಟೇ ಅಲ್ಲ, ಆಗದಷ್ಟು ಹೆಚ್ಚು. ಟೂ ಹಾಟ್ ಸೂಪ್ ಕುಡಿದರೆ ಮೊಮ್ಮಗನ ನಾಲಿಗೆ ಸುಟ್ಟೀತು! ಕನ್ನಡದ ‘ತುಂಬಾ ಬಿಸಿ’ ಎರಡು ಅರ್ಥಕ್ಕೂ ಸಲ್ಲುವುದರಿಂದ ಈ ತಪ್ಪು ನಮ್ಮ ಮಕ್ಕಳಲ್ಲಿ ಸಾಮಾನ್ಯ. ಇಂಗ್ಲಿಷಿನಲ್ಲಿ ಇದಕ್ಕೆ ‘ನೈಸ್ ಹಾಟ್ ಸೂಪ್’ ಸಾಕು. ‘ಹೋಗಲೇ ಬೇಡ’ ಎಂಬುದರ ‘ಏ’ಗೆ ‘ಅಟ್ ಆಲ್’ ಹೊಂದುತ್ತದೆ. ಕೊನೆಗೆ ತನ್ನದೊಂದು ಸಾಲು ಸೇರಿಸಹೋಗಿ ‘ಅಜ್ಜಿ ವಾಸ್ ಸೋ ಮಚ್ ಹ್ಯಾಪಿ’ ಎಂದು ಬರೆದು, ಮತ್ತೆ ಓದಿಕೊಂಡು, ‘ಮಚ್’ ಹೊಡೆದು ಹಾಕಿದಳು. ಗುಣವಾಚಕದ ಹಿಂದೆ ‘ಸೋ’ ಒಂದೇ ಸಾಕು, ‘ಸೋ ಹ್ಯಾಪಿ’. ‘ಬೆಟರ್’ನಂಥ ಹೋಲಿಕೆಯ ರೂಪವಿದ್ದರೆ ಮಾತ್ರ ‘ಸೋ ಮಚ್ ಬೆಟರ್’.

ಒಂದು ವಾಕ್ಯ ಮಾತ್ರ ಉಳಿಯಿತು. ‘ಬಂದುಬಿಡು’ ಎಂಬುದರಲ್ಲಿ ಅಡಗಿದ ಅವಸರಕ್ಕೂ ಆಸೆಗೂ ಹುಡುಗಿಗೆ ಇಂಗ್ಲಿಷ್ ಸಿಗಲಿಲ್ಲ. ‘ಕಮ್’ ಎಂದು ಬರೆದರೆ ಮತ್ತೆ ಆಫೀಸಿನ ಕಾಗದವಾಗುತ್ತಿತ್ತು. ಅದನ್ನು ಕನ್ನಡದಲ್ಲೇ, ಅಜ್ಜಿಯ ದನಿಯಲ್ಲೇ ಮುದ್ರಿಸಿ ಕಳುಹಿಸಿದಳು. ಬರೆಯಲು ಬಾರದಿದ್ದರೂ ಮೊಮ್ಮಗನಿಗೆ ಕೇಳಲು ಬರುತ್ತದಲ್ಲ!