‘ಈ ಪೆನ್ ಮಾರಿ ತೋರಿಸಿ’: ವಾಟ್ಸಾಪ್‌ನ ಉತ್ತರ ಸಂದರ್ಶನದಲ್ಲಿ ನಡೆಯುತ್ತದೆಯೇ?

ಸೇಲ್ಸ್ ಕೆಲಸದ ಸಂದರ್ಶನದಲ್ಲಿ ‘ಈ ಪೆನ್ ನನಗೆ ಮಾರಿ’ ಎಂದರೆ, ಪೆನ್ ಕೈಗೆ ತೆಗೆದುಕೊಂಡು ‘ಸರ್, ನಿಮ್ಮ ಹೆಸರು ಬರೆಯಿರಿ’ ಎಂದುಬಿಡಿ, ಕೆಲಸ ಗ್ಯಾರಂಟಿ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಇದರ ಮೂಲ 2013ರ ಹಾಲಿವುಡ್ ಸಿನಿಮಾ ‘ದಿ ವುಲ್ಫ್ ಆಫ್ ವಾಲ್ ಸ್ಟ್ರೀಟ್’. ತಮಾಷೆಯೆಂದರೆ, ಆ ಸಿನಿಮಾ ಯಾರ ಕಥೆಯೋ ಆ ಜೋರ್ಡನ್ ಬೆಲ್‌ಫೋರ್ಟ್ ಅವರೇ, ಮಾರುವ ಮೊದಲು ಎದುರಿನವರಿಗೆ ಪ್ರಶ್ನೆ ಕೇಳಬೇಕು ಎಂದು ನಂತರ ಹೇಳಿದ್ದಾರೆ.

ಸಂದರ್ಶಕರು ನೋಡುವುದೂ ಅದನ್ನೇ. ಗೊತ್ತಿಲ್ಲದ ವಸ್ತುವನ್ನು ಕೊಡುವುದೇ ನಿಮ್ಮ ಬಾಯಿಪಾಠ ಕೆಲಸಕ್ಕೆ ಬಾರದಿರಲಿ ಎಂದು.

ಒಂದು ಉದಾಹರಣೆ ನೋಡೋಣ. ನಿಮಗೆ ಬಿಲ್ಲಿಂಗ್ ಯಂತ್ರದ ವಿವರವಿರುವ ಒಂದು ಹಾಳೆ ಕೊಟ್ಟು, ಓದಲು 10 ನಿಮಿಷ ಬಿಡುತ್ತಾರೆ. ಸಂದರ್ಶಕರೇ ದಿನಸಿ ಅಂಗಡಿಯವರು. ಬೆಲೆ 12,000 ರೂಪಾಯಿ. ಬಹಳಷ್ಟು ಜನ ಆ 10 ನಿಮಿಷದಲ್ಲಿ ಹಾಳೆಯನ್ನು ಉರು ಹೊಡೆಯುತ್ತಾರೆ. ಅದರ ಬದಲು ಹಾಳೆಯ ಪ್ರತಿ ಸಾಲಿನ ಪಕ್ಕ ‘ಇದು ಯಾವ ತೊಂದರೆ ತಪ್ಪಿಸುತ್ತದೆ?’ ಎಂದು ಗುರುತು ಹಾಕಿಕೊಂಡು, ಆ ತೊಂದರೆ ಅಂಗಡಿಯವರಿಗೆ ಇದೆಯೇ ಎಂದು ತಿಳಿಯಲು ಮೂರು ಪ್ರಶ್ನೆ ಬರೆದುಕೊಳ್ಳಿ.

‘ಸರ್, ಸಂಜೆ ರಶ್ ಇರುವಾಗ ಬಿಲ್ ಹೇಗೆ ಮಾಡ್ತೀರಿ?’
‘ಚೀಟಿಯಲ್ಲಿ ಬರೆದು ಕೂಡಿಸ್ತೀನಿ. ಅದೇನೂ ಕಷ್ಟ ಇಲ್ಲಪ್ಪ. ಉದ್ರಿ ಲೆಕ್ಕವೇ ತಲೆನೋವು.’

ಪ್ರಿಂಟ್ ಎಷ್ಟು ಬೇಗ ಬರುತ್ತದೆ ಎಂದು ಹೇಳಲು ಸಿದ್ಧರಾಗಿ ಬಂದವರು ಇಲ್ಲಿಯೇ ಎಡವುತ್ತಾರೆ. ಉತ್ತರ ಕಿವಿಗೆ ಬಿದ್ದರೂ ತಮ್ಮ ಪಾಠವನ್ನೇ ಮುಂದುವರಿಸುತ್ತಾರೆ. ಕೇಳಿಸಿಕೊಂಡವರು ‘ಕಳೆದ ವರ್ಷ ಬಾರದೇ ಹೋದ ಉದ್ರಿ ಎಷ್ಟಿರಬಹುದು ಸರ್?’ ಎನ್ನುತ್ತಾರೆ. ‘ಆರೇಳು ಸಾವಿರ’ ಎಂದರೆ, ಹಾಳೆಯಲ್ಲಿರುವ ಗ್ರಾಹಕರ ಬಾಕಿ ತೋರಿಸುವ ಸೌಲಭ್ಯವೊಂದನ್ನೇ ವಿವರಿಸಿದರೆ ಸಾಕು. ‘12,000 ಜಾಸ್ತಿಯಾಯ್ತು’ ಎಂಬ ಮಾತಿಗೂ ಅವರೇ ಕೊಟ್ಟ ಲೆಕ್ಕ ಉತ್ತರವಾಗುತ್ತದೆ. ಯಂತ್ರ ಬಂದರೆ ಉದ್ರಿಯೆಲ್ಲ ವಸೂಲಾಗುತ್ತದೆ ಎಂದು ಮಾತ್ರ ಹೇಳಬಾರದು, ಅದು ಸುಳ್ಳು.

ಇದು ನಮ್ಮ ಊಹೆಯಲ್ಲ. ಬ್ರಿಟನ್ನಿನ ನೀಲ್ ರಾಕಮ್ ತಂಡ ಸುಮಾರು 35,000 ಮಾರಾಟ ಭೇಟಿಗಳನ್ನು ಅಧ್ಯಯನ ಮಾಡಿತ್ತು. ದೊಡ್ಡ ಮೊತ್ತದ ವ್ಯವಹಾರಗಳಲ್ಲಿ ಗೆದ್ದವರು ಗ್ರಾಹಕರ ತೊಂದರೆ ಮತ್ತು ಅದರಿಂದಾಗುವ ನಷ್ಟದ ಬಗ್ಗೆ ಹೆಚ್ಚು ಕೇಳುತ್ತಿದ್ದರು ಎಂದು ಅವರ 1988ರ ಪುಸ್ತಕ ಹೇಳುತ್ತದೆ. ಸಣ್ಣ ವಸ್ತುಗಳಿಗೆ, ಎರಡೇ ನಿಮಿಷದ ಪರೀಕ್ಷೆಗೆ, ಇಷ್ಟೊಂದು ಪ್ರಶ್ನೆ ಬೇಡ, ಒಂದೆರಡು ಸಾಕು. ಇಲ್ಲದಿದ್ದರೆ ಪೊಲೀಸ್ ವಿಚಾರಣೆಯಂತಾಗುತ್ತದೆ.

ಇನ್ನೊಂದು ಬಲೆ ಇರುತ್ತದೆ. ‘ಕರೆಂಟ್ ಹೋದರೆ ಎಷ್ಟು ಹೊತ್ತು ನಡೆಯುತ್ತೆ?’ ಎಂದು ಹಾಳೆಯಲ್ಲಿ ಇಲ್ಲದ್ದನ್ನು ಬೇಕೆಂದೇ ಕೇಳುತ್ತಾರೆ. ‘ನಾಲ್ಕು ಗಂಟೆ’ ಎಂದು ಬಾಯಿಗೆ ಬಂದದ್ದನ್ನು ಹೇಳಿದರೆ, ನಾಳೆ ನಿಜವಾದ ಗ್ರಾಹಕರಿಗೂ ಹೀಗೇ ಹೇಳುತ್ತೀರಿ ಎಂದು ಅರ್ಥ. ‘ಆ ವಿವರ ನನ್ನ ಹತ್ತಿರ ಇಲ್ಲ ಸರ್. ಕೇಳಿಕೊಂಡು ನಾಳೆ 11 ಗಂಟೆಗೆ ಫೋನ್ ಮಾಡ್ತೀನಿ, ಆಮೇಲೆ ಅಂಗಡಿಗೇ ಬಂದು ಯಂತ್ರ ತೋರಿಸಲಾ?’ ಎಂದರೆ ಪ್ರಾಮಾಣಿಕ ಉತ್ತರವೂ ಆಯಿತು, ಮುಂದಿನ ಭೇಟಿಯನ್ನೂ ಕೇಳಿದಂತಾಯಿತು.