ಜಾಹೀರಾತು ತಡವಾಗಲಿ, ಅದರ ಜಾಗ ತಡವಾಗಬಾರದು

ಓದುತ್ತಿರುವಾಗಲೇ ಪುಟ ಜಿಗಿಯುತ್ತದೆ ಎಂದು ಮೂಡಿಗೆರೆ ಕಡೆಯ ಓದುಗರು ದೂರಿದರೆ ಸುದ್ದಿ ಜಾಲತಾಣಗಳವರ ಬಳಿ ಎರಡು ಉತ್ತರ ಸಿದ್ಧವಾಗಿರುತ್ತವೆ. ನಿಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ಲ ಎನ್ನುವುದು ಒಂದು. ಜಾಹೀರಾತಿಲ್ಲದೆ ಪುಕ್ಕಟೆ ಸುದ್ದಿ ಕೊಡುವುದು ಹೇಗೆ ಎನ್ನುವುದು ಇನ್ನೊಂದು. ಕೇಳಿದ್ದಕ್ಕೂ ಈ ಉತ್ತರಗಳಿಗೂ ಸಂಬಂಧವೇ ಇಲ್ಲ. ಜಾಹೀರಾತು ಬೇಡ ಎಂದು ಯಾರೂ ಹೇಳಿಲ್ಲ. ಅದು ಎಷ್ಟು ತಡವಾಗಿ ಬೇಕಾದರೂ ಬರಲಿ, ಅದಕ್ಕೆ ಬೇಕಾದ ಜಾಗವನ್ನು ಮೊದಲೇ ಖಾಲಿ ಬಿಟ್ಟಿರಿ ಎನ್ನುವುದಷ್ಟೇ ಓದುಗರ ಬೇಡಿಕೆ.

ಗೋಣಿಬೀಡು ಹೋಬಳಿಯ ಬೆಳೆಗಾರರೊಬ್ಬರು ಸಂಜೆ ಫೋನು ತೆರೆದು ಕಾಫಿ ದರ ನೋಡುತ್ತಾರೆ ಎಂದಿಟ್ಟುಕೊಳ್ಳಿ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಎಂದು ಐವತ್ತು ಕೆ.ಜಿ. ಮೂಟೆಯ ಲೆಕ್ಕದಲ್ಲಿ ಸಾಲಾಗಿ ಬರೆದಿರುತ್ತದೆ. ಕಣ್ಣು ರೋಬಸ್ಟಾ ಸಾಲಿನ ಮೇಲೆ ನಿಂತಿದೆ. ಅಷ್ಟರಲ್ಲಿ ಮೇಲೆಲ್ಲೋ ಒಂದು ಸೀರೆ ಅಂಗಡಿಯ ಜಾಹೀರಾತು ಬಂದು ಕೂರುತ್ತದೆ, ಪಟ್ಟಿ ಅರ್ಧ ಪರದೆಯಷ್ಟು ಕೆಳಗೆ ಸರಿಯುತ್ತದೆ. ಮತ್ತೆ ಹುಡುಕಿ ಸಾಲು ಹಿಡಿಯುವಾಗ ಚಿತ್ರವೊಂದು ಬಂದು ಇನ್ನೊಮ್ಮೆ ತಳ್ಳುತ್ತದೆ. ‘ಮುಂದೆ ಓದಿ’ ಎಂಬಲ್ಲಿ ಬೆರಳಿಟ್ಟರೆ, ಬೆರಳು ತಾಗುವ ಹೊತ್ತಿಗೆ ಅಲ್ಲಿ ಸಾಲದ ಆ್ಯಪ್‌ನ ಜಾಹೀರಾತು ಇರುತ್ತದೆ. ಬಯಸದ ಪುಟ ತೆರೆಯುತ್ತದೆ, ಓದುಗರದೇ ಡೇಟಾ ಕರಗುತ್ತದೆ, ಆ ಒತ್ತುವಿಕೆ ಜಾಹೀರಾತಿನ ಲೆಕ್ಕಕ್ಕೆ ಸೇರುತ್ತದೆ.

ಹೀಗಾಗುವುದು ಏಕೆಂದು ತಿಳಿಯಲು ಪುಟ ಬರುವ ಕ್ರಮವನ್ನು ನೋಡಬೇಕು. ಅಕ್ಷರಗಳ ತೂಕ ಕಡಿಮೆ, ಹಾಗಾಗಿ ಲೇಖನ ಮೊದಲು ಬಂದು ಪರದೆ ತುಂಬುತ್ತದೆ. ಜಾಹೀರಾತಿನ ದಾರಿ ಬೇರೆ. ಪುಟದಲ್ಲಿರುವ ಒಂದು ಸ್ಕ್ರಿಪ್ಟ್ ಹೊರಗಿನ ಸರ್ವರ್‌ಗೆ ಹೋಗಿ, ಈ ಜಾಗಕ್ಕೆ ಯಾರು ಎಷ್ಟು ಕೊಡುತ್ತೀರಿ ಎಂದು ಹರಾಜು ಕೂಗಿಸುತ್ತದೆ. ಹರಾಜು ಮುಗಿದು, ಗೆದ್ದವರ ಚಿತ್ರ ಬೇರೊಂದು ಸರ್ವರ್‌ನಿಂದ ಬರಬೇಕು. ಹೀಗೆ ನಾಲ್ಕಾರು ಸಲ ಹೋಗಿ ಬರುವ ಕೆಲಸ. ಬೆಂಗಳೂರಿನ ಫೈಬರ್ ಸಂಪರ್ಕದಲ್ಲಿ ಓದುಗರು ತಲೆಬರಹ ಮುಗಿಸುವುದರೊಳಗೆ ಇದೆಲ್ಲ ಆಗಿಹೋಗುತ್ತದೆ. ಗುಡ್ಡದ ಮರೆಯ ತೋಟದ ಮನೆಯಲ್ಲಿ, ಒಂದು ಕಡ್ಡಿ ಸಿಗ್ನಲ್‌ನಲ್ಲಿ, ಜಾಹೀರಾತು ಬರುವಾಗ ಓದುಗರು ಮೂರನೆಯ ಪ್ಯಾರಾದಲ್ಲಿರುತ್ತಾರೆ. ನೆಟ್‌ವರ್ಕ್ ನಿಧಾನವಾದ್ದರಿಂದ ಜಾಹೀರಾತು ತಡವಾಯಿತು, ನಿಜ. ಆದರೆ ಪುಟ ಜಿಗಿದದ್ದು ಜಾಗ ಬಿಡದೇ ಇದ್ದುದರಿಂದ. ಈ ಎರಡನ್ನು ಒಂದೇ ಎಂದು ಹೇಳಿ ತಪ್ಪನ್ನು ಟವರ್ ಮೇಲೆ ಹೊರಿಸುವುದು ಅಪ್ರಾಮಾಣಿಕತೆ.

ಜಾಗ ಬಿಡುವುದು ಎಷ್ಟು ದೊಡ್ಡ ಕೆಲಸ? ಇಷ್ಟೇ:

```
<img src="kaapi.jpg" width="1200" height="675" style="width: 100%; height: auto">
<div style="min-height: 250px"> ... </div>
```

ಮೊದಲ ಸಾಲು ಚಿತ್ರಕ್ಕೆ. ಅಗಲ, ಎತ್ತರ ಎಂಬ ಎರಡು ಸಂಖ್ಯೆ ಬರೆದಿದ್ದರೆ ಬ್ರೌಸರ್ ಅವುಗಳ ಅನುಪಾತ ಹಿಡಿದು, ಫೋನಿನ ಅಗಲಕ್ಕೆ ತಕ್ಕ ಜಾಗವನ್ನು ಚಿತ್ರ ಬರುವ ಮೊದಲೇ ಕಾಯ್ದಿರಿಸುತ್ತದೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ 2019ರ ಡಿಸೆಂಬರ್‌ನಿಂದಲೇ ಹೀಗೆ ಮಾಡುತ್ತಿವೆ. ಎರಡನೆಯ ಸಾಲು ಜಾಹೀರಾತಿಗೆ: ಈ ಪೆಟ್ಟಿಗೆ ಕನಿಷ್ಠ 250 ಪಿಕ್ಸೆಲ್ ಎತ್ತರ ಇರಲಿ ಎನ್ನುವ ಸೂಚನೆ. ಫೋನಿನಲ್ಲಿ ಅತಿ ಹೆಚ್ಚು ಕಾಣುವ ಜಾಹೀರಾತಿನ ಅಳತೆಗಳಲ್ಲಿ 300×250 ಒಂದು. ಆ ಅಳತೆ ಬರಬಹುದೆಂದು ತಾಣದವರಿಗೆ ಗೊತ್ತು, ಏಕೆಂದರೆ ಅಳತೆಗಳ ಪಟ್ಟಿಯನ್ನು ಹರಾಜಿಗೆ ಕೊಡುವವರು ಅವರೇ. ಗೊತ್ತಿದ್ದೂ ಬಿಡುವುದಿಲ್ಲ. ಜಾಹೀರಾತು ಬಾರದಿದ್ದರೆ ಬಿಳಿ ಜಾಗ ಹಾಗೆಯೇ ಉಳಿದು ಪುಟ ಬೋಳಾಗಿ ಕಾಣುತ್ತದಂತೆ. ಪುಟದ ಅಂದಕ್ಕೆ ಇಷ್ಟು ಚಿಂತೆ ಇರುವವರಿಗೆ ಓದುವವರ ಕಣ್ಣಿನ ಚಿಂತೆ ಏಕಿಲ್ಲ?

ಈ ಜಿಗಿತಕ್ಕೆ ಅಳತೆಗೋಲೂ ಇದೆ. ಗೂಗಲ್ 2020ರ ಮೇ ತಿಂಗಳಲ್ಲಿ ಪ್ರಕಟಿಸಿದ ಮೂರು ಮುಖ್ಯ ಮಾನದಂಡಗಳಲ್ಲಿ ಇದೂ ಒಂದು, ಹೆಸರು CLS. ಜಿಗಿತದಿಂದ ಪರದೆಯ ಎಷ್ಟು ಭಾಗ ಅಲುಗಾಡಿತು, ಎಷ್ಟು ದೂರ ಸರಿಯಿತು ಎಂಬ ಎರಡು ಅಂಶಗಳನ್ನು ಗುಣಿಸಿದರೆ ಅಂಕ ಸಿಗುತ್ತದೆ. 0.1ರೊಳಗಿದ್ದರೆ ಒಳ್ಳೆಯದು, 0.25 ದಾಟಿದರೆ ಕಳಪೆ. 640 ಪಿಕ್ಸೆಲ್ ಎತ್ತರದ ಪರದೆಯಲ್ಲಿ ಮೇಲಿನ 100 ಪಿಕ್ಸೆಲ್ ತಾಣದ ಹೆಸರಿಗೆ ಹೋಗಿ, ಉಳಿದ 540ರಲ್ಲಿ ಲೇಖನ ಇದೆ ಎನ್ನೋಣ. ತಾಣದ ಹೆಸರಿನ ಕೆಳಗೆ 250 ಪಿಕ್ಸೆಲ್ ಎತ್ತರದ ಒಂದು ಜಾಹೀರಾತು ಬಂದು ಕೂತಿತು. ಅಲುಗಾಡಿದ್ದು ಪರದೆಯ 0.84 ಭಾಗ, ಸರಿದ ದೂರ 0.39 ಭಾಗ. ಗುಣಿಸಿದರೆ 0.33. ಒಂದೇ ಒಂದು ಜಾಹೀರಾತು ಇಡೀ ಪುಟವನ್ನು ಕಳಪೆ ದರ್ಜೆಗೆ ಇಳಿಸಿತು. ಅದೇ ಪುಟದಲ್ಲಿ 250 ಪಿಕ್ಸೆಲ್ ಮೊದಲೇ ಬಿಟ್ಟಿದ್ದರೆ ಈ ಅಂಕ ಸೊನ್ನೆ.

ಗುಡ್ಡಗಾಡಿನ ಓದುಗರು ಸಿಟ್ಟಾಗಬೇಕಾದ ಸಂಗತಿ ಇನ್ನೊಂದಿದೆ. ಒಂದು ತಾಣ ಈ ಪರೀಕ್ಷೆಯಲ್ಲಿ ಪಾಸಾಗಲು ಅದರ ಎಲ್ಲ ಭೇಟಿಗಳೂ ಚೆನ್ನಾಗಿರಬೇಕಿಲ್ಲ, ನೂರರಲ್ಲಿ ಎಪ್ಪತ್ತೈದು ಚೆನ್ನಾಗಿದ್ದರೆ ಸಾಕು. ಉಳಿದ ಇಪ್ಪತ್ತೈದು ಭೇಟಿಗಳಲ್ಲಿ ಪುಟ ಎಷ್ಟು ಕುಣಿದರೂ ಹಸಿರು ಗುರುತೇ. ಆ ಇಪ್ಪತ್ತೈದರಲ್ಲಿ ಯಾರಿರುತ್ತಾರೆ? ಹಳೆಯ ಫೋನಿನವರು, ದುರ್ಬಲ ಸಿಗ್ನಲ್‌ನವರು, ಕಳಸದ, ಬಣಕಲ್‌ನ, ಗೋಣಿಬೀಡಿನ ಓದುಗರು. ನಗರದ ಕಚೇರಿಯ ವೈಫೈನಲ್ಲಿ ಪರೀಕ್ಷಿಸಿ ‘ನಮ್ಮಲ್ಲಿ ಸರಿಯಾಗಿದೆ’ ಎನ್ನುವವರು ಇವರನ್ನು ಲೆಕ್ಕದಿಂದಲೇ ತೆಗೆದಿದ್ದಾರೆ.

ಲೆಕ್ಕದಿಂದ ತೆಗೆಯುವುದು ಮಲೆನಾಡಿಗೆ ಹೊಸದಲ್ಲ. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಊರ ಬಾಗಿಲಲ್ಲಿ ಫಲಕ ಕಟ್ಟುವ ಸ್ಥಿತಿ ಮಲೆನಾಡಿನ ಹಳ್ಳಿಗಳಿಗೆ ಬಂದಿತ್ತು. ಮಳೆಗಾಲದಲ್ಲಿ ಕರೆಂಟು ಹೋದರೆ, ಟವರ್‌ನ ಬ್ಯಾಟರಿ ಮುಗಿದ ಮೇಲೆ ಸಿಗ್ನಲ್ಲೂ ಇಲ್ಲ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿತು. ಅಂಥ ದಿನಗಳಲ್ಲಿ ರಸ್ತೆ ತೆರೆದಿದೆಯೇ, ಆನೆ ಯಾವ ತೋಟದ ಬಳಿ ಇದೆ ಎಂದು ನೋಡುವ ಜನರಿಗೆ ಸಿಗುವ ಅಲ್ಪ ಡೇಟಾದಲ್ಲೂ ಒಂದು ಪಾಲು ಜಾಹೀರಾತಿನ ಹರಾಜಿಗೆ ಹೋಗುತ್ತದೆ. ಪೂರ್ತಿ ರೀಚಾರ್ಜ್ ಕಟ್ಟಿದವರಿಗೆ ಸಿಗುತ್ತಿರುವುದು ಇದು.

ಕನ್ನಡ ಪುಟಗಳಿಗೆ ಇನ್ನೊಂದು ಕಾಟ ಫಾಂಟಿನದು. ತಾಣ ತನ್ನದೇ ಫಾಂಟನ್ನು ಹೊರಗಿನಿಂದ ತರಿಸಿದರೆ, ಅದು ಬರುವವರೆಗೆ ಫೋನಿನ ಸ್ವಂತ ಫಾಂಟಿನಲ್ಲಿ ಅಕ್ಷರ ಕಾಣುತ್ತದೆ. ಬಂದ ಕೂಡಲೇ ಎಲ್ಲ ಬದಲಾಗುತ್ತದೆ. ಒತ್ತಕ್ಷರಗಳ ಎತ್ತರ, ಅಕ್ಷರಗಳ ಅಗಲ ಎರಡರಲ್ಲೂ ವ್ಯತ್ಯಾಸವಿದ್ದರೆ ಒಂಬತ್ತು ಸಾಲಿನ ಪ್ಯಾರಾ ಹತ್ತಾಗುತ್ತದೆ, ಕೆಳಗಿನದೆಲ್ಲ ಸರಿಯುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಫಾಂಟು ಈಗಾಗಲೇ ಇದೆ, ಅದನ್ನೇ ಬಳಸಿದರೆ ತೊಂದರೆಯೇ ಇಲ್ಲ.

ತಾಣದವರು ತಿದ್ದಿಕೊಳ್ಳುವವರೆಗೆ ಓದುಗರು ಸುಮ್ಮನೆ ಕೂರಬೇಕಿಲ್ಲ. ಸುಲಭವಾದದ್ದು ಪುಟವನ್ನು ಸ್ವಲ್ಪ ಮೇಲಕ್ಕೆ ಸರಿಸಿ ಓದುವುದು. ಕ್ರೋಮ್‌ನಲ್ಲಿ 2017ರಿಂದ, ಫೈರ್‌ಫಾಕ್ಸ್‌ನಲ್ಲಿ 2019ರಿಂದ ಒಂದು ವ್ಯವಸ್ಥೆ ಇದೆ: ಪರದೆಯ ಮೇಲಂಚಿಗಿಂತ ಮೇಲೆ ಏನಾದರೂ ಬಂದು ಸೇರಿದರೆ, ಓದುತ್ತಿರುವ ಸಾಲು ಕದಲದಂತೆ ಬ್ರೌಸರೇ ಸರಿದೂಗಿಸುತ್ತದೆ. ಆದರೆ ಪುಟ ಪೂರ್ತಿ ಮೇಲ್ತುದಿಯಲ್ಲಿ ನಿಂತಿರುವಾಗ ಇದು ಕೆಲಸ ಮಾಡುವುದಿಲ್ಲ. ಹಾಗಾಗಿ ಮೊದಲ ಜಾಹೀರಾತಿನ ಜಾಗ ಪರದೆಯಿಂದಾಚೆ ಹೋಗುವಷ್ಟು ಸರಿಸಿಕೊಂಡು ಓದಲು ತೊಡಗಬೇಕು. ಎರಡು ಪ್ಯಾರಾಗಳ ನಡುವೆ ಕಣ್ಣೆದುರೇ ಬರುವ ಜಾಹೀರಾತನ್ನು ಮಾತ್ರ ಇದು ತಡೆಯದು.

ಅದಕ್ಕೆ ಮದ್ದು ಓದುವ ನೋಟ. ಫೈರ್‌ಫಾಕ್ಸ್‌ನಲ್ಲಿ ವಿಳಾಸದ ಪಟ್ಟಿಯ ಪಕ್ಕದ ಹಾಳೆಯ ಚಿಹ್ನೆ, ಐಫೋನಿನ ಸಫಾರಿಯಲ್ಲಿ Reader, ಕ್ರೋಮ್‌ನ ಮೂರು ಚುಕ್ಕಿಯ ಮೆನುವಿನಲ್ಲಿ Reading mode. ಒತ್ತಿದರೆ ಲೇಖನದ ಅಕ್ಷರ ಮತ್ತು ಮುಖ್ಯ ಚಿತ್ರ ಮಾತ್ರ ಉಳಿದು, ಪುಟ ಅಲುಗಾಡದೆ ನಿಲ್ಲುತ್ತದೆ. ಮುಖಪುಟಕ್ಕೆ ಇದು ಸಿಗುವುದಿಲ್ಲ, ಕೆಲವು ಸಲ ದರಪಟ್ಟಿಯೂ ಕಳಚಿಹೋಗುತ್ತದೆ. ಫೇಸ್‌ಬುಕ್ ಒಳಗಿಂದ ತೆರೆದ ಕೊಂಡಿಯಲ್ಲೂ ಈ ಗುಂಡಿ ಕಾಣದಿರಬಹುದು. ಮೆನುವಿಗೆ ಹೋಗಿ ಅದನ್ನು ಹೊರಗಿನ ಬ್ರೌಸರ್‌ನಲ್ಲಿ ತೆರೆದುಕೊಳ್ಳಬೇಕು.

ಇನ್ನೂ ಬಗೆಹರಿಯದಿದ್ದರೆ ಆಂಡ್ರಾಯ್ಡ್‌ನ ಫೈರ್‌ಫಾಕ್ಸ್‌ಗೆ uBlock Origin ಹಾಕಿಕೊಳ್ಳಬಹುದು, ಹರಾಜೇ ನಿಲ್ಲುತ್ತದೆ. ಪತ್ರಿಕೆಗಳ ಹೊಟ್ಟೆಗೆ ಹೊಡೆದಂತಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಜಾಗ ಬಿಟ್ಟು ಜಾಹೀರಾತು ಹಾಕುವ ತಾಣಕ್ಕೆ ಓದುಗರು ಇದರಿಂದ ವಿನಾಯಿತಿ ಕೊಡಬಹುದು, ಕೊಡಲೂಬೇಕು. ಅಲುಗಾಡಿಸುವ ತಾಣಕ್ಕೆ ಆ ಋಣವಿಲ್ಲ.

ದೂರು ಕೊಡುವಾಗ ಕೈಯಲ್ಲಿ ದಾಖಲೆ ಇರಲಿ. `pagespeed.web.dev` ತೆರೆದು ಲೇಖನದ ವಿಳಾಸ ಹಾಕಿದರೆ, ಮೊಬೈಲ್ ಭಾಗದಲ್ಲಿ ಹಿಂದಿನ 28 ದಿನ ನಿಜವಾದ ಓದುಗರು ಅನುಭವಿಸಿದ CLS ಅಂಕ ಸಿಗಬಹುದು. ಕೆಳಗೆ ಪ್ರಯೋಗಾಲಯದ ಅಂಕವೂ ಇರುತ್ತದೆ, ಅದನ್ನು ನಂಬಬಾರದು: ಆ ಪರೀಕ್ಷೆ ಪುಟವನ್ನು ಕೆಳಗೆ ಸರಿಸಿ ನೋಡುವುದಿಲ್ಲ, ನಡುವಿನ ಜಾಹೀರಾತುಗಳ ಜಿಗಿತ ಅದಕ್ಕೆ ಕಾಣುವುದಿಲ್ಲ. ತಾಣದವರು ಸಮರ್ಥನೆಗೆ ತೋರಿಸುವುದು ಈ ಅಂಕವನ್ನೇ ಆಗಿದ್ದರೆ ಮೇಲಿನದನ್ನು ಕೇಳಿ. ಜೊತೆಗೆ ಫೋನಿನ ಪರದೆ ರೆಕಾರ್ಡ್ ಮಾಡಿದ ಅರ್ಧ ನಿಮಿಷದ ವಿಡಿಯೊ ಇಟ್ಟು ಸಂಪಾದಕರಿಗೇ ಕಳಿಸಬೇಕು, ತಾಂತ್ರಿಕ ವಿಭಾಗಕ್ಕಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಬಳಕೆದಾರರನ್ನು ದಾರಿ ತಪ್ಪಿಸುವ ಹದಿಮೂರು ವಿನ್ಯಾಸಗಳನ್ನು ಹೆಸರಿಸಿದೆ. ಪುಟದ ಜಿಗಿತ ಆ ಪಟ್ಟಿಯಲ್ಲಿ ಹೆಸರು ಹಿಡಿದು ಇಲ್ಲ. ಆದರೆ ಬೆರಳಿನ ಕೆಳಗೆ ಜಾಹೀರಾತು ಬಂದು ಕೂರುವುದು ಬಳಕೆದಾರರು ಬಯಸಿದ ಕೆಲಸದಿಂದ ಅವರನ್ನು ಬೇರೆಡೆಗೆ ಎಳೆಯುವುದೇ ತಾನೇ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಈ ಪ್ರಶ್ನೆಯನ್ನು ದಾಖಲಿಸಬಹುದು. ಪುಟದ ವಿಳಾಸ, ದಿನಾಂಕ, ವಿಡಿಯೊ ಜೊತೆಗಿದ್ದರೆ ‘ನಿಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ಲ’ ಎಂಬ ಉತ್ತರ ಸಾಕಾಗುವುದಿಲ್ಲ.